ಬಡ್ಡಿ ಇಳಿದ ದಿನವೇ ಚಿನ್ನ ಬಿದ್ದದ್ದು ಯಾಕೆ?

ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು 2023ರ ಡಿಸೆಂಬರ್ 13. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ತನ್ನ ಸಭೆಯ ಕೊನೆಗೆ ಬಡ್ಡಿ ದರವನ್ನು ಶೇ 5.25–5.50ರಲ್ಲೇ ಉಳಿಸಿತು. ಒಂದು ಚೂರೂ ಇಳಿಸಲಿಲ್ಲ. ಆದರೂ ಚಿನ್ನ ಅವತ್ತು ಶೇ 2ಕ್ಕಿಂತ ಜಾಸ್ತಿ ಏರಿ, ಔನ್ಸ್‌ಗೆ 2,000 ಡಾಲರ್ ದಾಟಿತು. ಎರಡನೆಯದು 2024ರ ಡಿಸೆಂಬರ್ 18. ಈ ಸಲ ಫೆಡ್ ನಿಜವಾಗಿಯೂ ದರ ಇಳಿಸಿತು. ಕಾಲು ಪರ್ಸೆಂಟ್ ಕಡಿಮೆಯಾಗಿ ದರ ಶೇ 4.25–4.50ಕ್ಕೆ ಬಂತು. ಚಿನ್ನ ಶೇ 2ರಷ್ಟು ಬಿದ್ದು 2,600 ಡಾಲರ್‌ಗಿಂತ ಕೆಳಗೆ ಹೋಯಿತು.

‘ಬಡ್ಡಿ ಇಳಿದರೆ ಚಿನ್ನ ಏರುತ್ತದೆ ಅಂತ ನೀವೇ ಹೇಳಿದ್ರಿ, ಅಲ್ವಾ?’ ಎಂಬ ಪ್ರಶ್ನೆ ಇಂಥ ದಿನಗಳ ಮರುದಿನ ನನಗೆ ತಪ್ಪದೇ ಬರುತ್ತದೆ. ಹೇಳಿದ್ದು ನಿಜ. ಆದರೆ ಯಾವ ಬಡ್ಡಿ, ಯಾವತ್ತಿನ ಬಡ್ಡಿ ಎಂಬುದರಲ್ಲಿ ಎಲ್ಲ ಇದೆ.

ಚಿನ್ನ ತಾನಾಗಿ ಏನೂ ದುಡಿದು ಕೊಡುವುದಿಲ್ಲ. ಅದನ್ನು ಇಟ್ಟುಕೊಂಡವರು ಬಾಂಡ್‌ನಿಂದ ಬರಬಹುದಾಗಿದ್ದ ಬಡ್ಡಿಯನ್ನು ಬಿಟ್ಟುಕೊಟ್ಟ ಹಾಗೆ. ಆ ಬಡ್ಡಿಯಲ್ಲಿ ಹಣದುಬ್ಬರವನ್ನು ಕಳೆದು ಉಳಿಯುವುದು ನೈಜ ಬಡ್ಡಿ. ಅದು ಇಳಿದಷ್ಟೂ ಚಿನ್ನ ಇಟ್ಟುಕೊಳ್ಳುವುದು ಅಗ್ಗವಾಗುತ್ತದೆ. ಆದರೆ ಚಿನ್ನವನ್ನು ಯಾರೂ ಬರೀ ಫೆಡ್‌ನ ಮುಂದಿನ ಸಭೆಯವರೆಗಿನ ಆರು ವಾರಕ್ಕೆ ಅಂತ ತೂಗಿ ನೋಡುವುದಿಲ್ಲ. ಅದನ್ನು ಹೋಲಿಸುವುದು ಐದು, ಹತ್ತು ವರ್ಷದ ಬಾಂಡ್‌ಗಳ ಜೊತೆ. ಹತ್ತು ವರ್ಷದ ಬಾಂಡ್‌ನ ಇಳುವರಿಯಲ್ಲಿ, ಅಂದರೆ ಅದನ್ನು ಕೊಂಡವರಿಗೆ ವರ್ಷಕ್ಕೆ ಸಿಗುವ ಆದಾಯದ ದರದಲ್ಲಿ, ಇವತ್ತಿನ ಫೆಡ್ ದರದ ಪಾಲು ತೀರಾ ಚಿಕ್ಕದು. ಮುಂದಿನ ವರ್ಷಗಳಲ್ಲಿ ದರ ಎಲ್ಲಿರುತ್ತದೆ ಎಂಬ ಅಂದಾಜಿನ ಪಾಲು ದೊಡ್ಡದು. ಹಾಗಾಗಿ ಆ ಅಂದಾಜು ಬದಲಾದ ಗಳಿಗೆಯಲ್ಲೇ ಚಿನ್ನದ ಬೆಲೆ ಬದಲಾಗುತ್ತದೆ. ಕಡಿತ ಜಾರಿಯಾಗುವವರೆಗೆ ಅದು ಕಾಯುವುದಿಲ್ಲ.

ಈ ಅಂದಾಜು ಗಾಳಿಮಾತಲ್ಲ, ಅದಕ್ಕೊಂದು ಮಾರುಕಟ್ಟೆಯೇ ಇದೆ. ಮುಂದಿನ ಒಂದೊಂದು ತಿಂಗಳ ಫೆಡ್ ದರದ ಮೇಲೆ ಮಾಡುವ ಫೆಡ್ ಫಂಡ್ಸ್ ಫ್ಯೂಚರ್ಸ್ ಎಂಬ ಒಪ್ಪಂದಗಳ ವ್ಯವಹಾರ ಶಿಕಾಗೋದಲ್ಲಿ ನಡೆಯುತ್ತದೆ. ಲೆಕ್ಕ ಸರಳ. ನೂರರಿಂದ ಒಪ್ಪಂದದ ಬೆಲೆ ಕಳೆದರೆ, ಆ ತಿಂಗಳ ಸರಾಸರಿ ದರ ಎಷ್ಟಿರಬಹುದು ಎಂಬ ಮಾರುಕಟ್ಟೆಯ ಊಹೆ ಸಿಗುತ್ತದೆ. ಬೆಲೆ 95.70 ಇದ್ದರೆ ಊಹೆ ಶೇ 4.30. ‘ಕಡಿತಕ್ಕೆ ಇಷ್ಟು ಪರ್ಸೆಂಟ್ ಸಾಧ್ಯತೆ’ ಅಂತ ಸುದ್ದಿಯಲ್ಲಿ ಬರುತ್ತದಲ್ಲ, ಅದನ್ನು ಇದರಿಂದಲೇ ತೆಗೆಯುತ್ತಾರೆ.

ಒಂದು ಉದಾಹರಣೆ ಮಾಡಿ ನೋಡೋಣ. ದರ ಶೇ 4.50 ಇದೆ. ಕಾಲು ಪರ್ಸೆಂಟ್ ಕಡಿತಕ್ಕೆ ಶೇ 80 ಸಾಧ್ಯತೆ ಇದೆ ಎಂದು ಮಾರುಕಟ್ಟೆ ನಂಬಿದೆ. ಅಂದರೆ 0.25ರಲ್ಲಿ 0.20ರಷ್ಟು ಇಳಿಕೆ ಈಗಾಗಲೇ ಬೆಲೆಯೊಳಗೆ ಕೂತಿದೆ. ಕಡಿತ ಬಂತು ಅಂದುಕೊಳ್ಳಿ. ಹೊಸ ಸುದ್ದಿ ಬರೀ 0.05. ಕಡಿತ ಬರಲಿಲ್ಲವೇ? ಆಗ 0.20ರ ಪೆಟ್ಟು ಉಲ್ಟಾ ದಿಕ್ಕಿನಲ್ಲಿ ಬೀಳುತ್ತದೆ. ಎರಡನ್ನೂ ಅವುಗಳ ಸಾಧ್ಯತೆಯಿಂದ ಗುಣಿಸಿದರೆ ಸರಿಸಮ ಬರುತ್ತದೆ. ಶೇ 80 ಸಲ ಸಣ್ಣ ಲಾಭ, ಶೇ 20 ಸಲ ದೊಡ್ಡ ನಷ್ಟ. ‘ಕಡಿತ ಗ್ಯಾರಂಟಿ, ಹಿಂದಿನ ದಿನ ಚಿನ್ನ ಕೊಂಡುಬಿಡೋಣ’ ಅನ್ನುವವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ಗ್ಯಾರಂಟಿ ಆಗಿದ್ದರಿಂದಲೇ ಅದರಲ್ಲಿ ಗಿಟ್ಟುವುದು ಏನೂ ಉಳಿದಿಲ್ಲ.

ಈಗ ಆ ಎರಡು ಡಿಸೆಂಬರ್‌ಗಳಿಗೆ ವಾಪಸ್ ಹೋಗೋಣ. 2024ರ ಸಭೆಗೆ ಮುಂಚೆಯೇ ಕಾಲು ಪರ್ಸೆಂಟ್ ಕಡಿತಕ್ಕೆ ಶೇ 95ಕ್ಕಿಂತ ಜಾಸ್ತಿ ಸಾಧ್ಯತೆ ಎಂದು ಫ್ಯೂಚರ್ಸ್ ಹೇಳುತ್ತಿತ್ತು. ಕಡಿತದಲ್ಲಿ ಸುದ್ದಿಯೇ ಇರಲಿಲ್ಲ. ಸುದ್ದಿ ಇದ್ದದ್ದು ಅದರ ಜೊತೆ ಬಂದ ಇನ್ನೊಂದು ಹಾಳೆಯಲ್ಲಿ. ಮೂರು ತಿಂಗಳಿಗೊಮ್ಮೆ ಫೆಡ್ ಅಧಿಕಾರಿಗಳು ಮುಂದಿನ ವರ್ಷಗಳ ಕೊನೆಗೆ ದರ ಎಷ್ಟಿರಬೇಕು ಅನ್ನುವುದನ್ನು ಚುಕ್ಕೆಗಳಾಗಿ ಗುರುತಿಸುತ್ತಾರೆ. ಇದಕ್ಕೆ ಡಾಟ್ ಪ್ಲಾಟ್ ಅನ್ನುತ್ತಾರೆ. 2025ರ ಕೊನೆಗೆ ದರ ಶೇ 3.4 ಎಂದು ಸೆಪ್ಟೆಂಬರ್‌ನ ಚುಕ್ಕೆಗಳ ನಡುಬಿಂದು ಹೇಳಿತ್ತು. ಡಿಸೆಂಬರ್‌ನಲ್ಲಿ ಅದು ಶೇ 3.9 ಆಯಿತು. ಮುಂದಿನ ವರ್ಷಕ್ಕೆ ನಾಲ್ಕು ಕಡಿತ ಅಂದುಕೊಂಡಿದ್ದವರಿಗೆ ಎರಡೇ ಅಂತ ಗೊತ್ತಾಯಿತು. ಇವತ್ತಿನ ದರ ಕಾಲು ಪರ್ಸೆಂಟ್ ಇಳಿಯಿತು, ನಾಳೆಯದು ಅರ್ಧ ಪರ್ಸೆಂಟ್ ಏರಿತು. ಬಾಂಡ್ ಇಳುವರಿ ಏರಿತು, ಡಾಲರ್ ಗಟ್ಟಿಯಾಯಿತು, ಚಿನ್ನ ಬಿತ್ತು.

2023ರಲ್ಲಿ ಇದರ ಉಲ್ಟಾ ಆಗಿತ್ತು. 2024ರ ಕೊನೆಯ ದರದ ಅಂದಾಜು ಶೇ 5.1ರಿಂದ 4.6ಕ್ಕೆ ಇಳಿದಿತ್ತು. ಸಭೆ ಏನನ್ನೂ ಇಳಿಸದಿದ್ದರೂ ಮುಂದಿನ ದಾರಿ ಇಳಿಜಾರಾಗಿತ್ತು, ಚಿನ್ನಕ್ಕೆ ಅಷ್ಟು ಸಾಕಾಯಿತು.

ಮಾತಿನ ಮೇಲೆ ಏರಿದ ಬೆಲೆ ಮಾತಿನಿಂದಲೇ ಇಳಿಯಲೂ ಬಹುದು. 2024ರ ಆರಂಭದಲ್ಲಿ ಮಾರುಕಟ್ಟೆ ಆ ವರ್ಷಕ್ಕೆ ಸುಮಾರು ಆರು ಕಡಿತಗಳನ್ನು ಎಣಿಸಿಕೊಂಡಿತ್ತು. ಫೆಡ್‌ನ ಚುಕ್ಕೆಗಳೇ ಮೂರು ಅಂದಿದ್ದವು. ಫೆಬ್ರವರಿ 13ರಂದು ಅಮೆರಿಕದ ಹಣದುಬ್ಬರದ ಅಂಕಿ ಬಂತು. ಶೇ 2.9 ಇರಬಹುದು ಅಂದುಕೊಂಡಿದ್ದರೆ ಬಂದದ್ದು 3.1. ಅವತ್ತು ಫೆಡ್ ಏನೂ ಮಾಡಲಿಲ್ಲ, ಸಭೆಯೂ ಇರಲಿಲ್ಲ. ಚಿನ್ನ ಮಾತ್ರ ಎರಡು ತಿಂಗಳಲ್ಲಿ ಮೊದಲ ಸಲ 2,000 ಡಾಲರ್‌ಗಿಂತ ಕೆಳಗಿಳಿಯಿತು. ಹಣದುಬ್ಬರ ತಗ್ಗದಿದ್ದರೆ ಫೆಡ್ ದರ ಇಳಿಸಲು ಹಿಂಜರಿಯುತ್ತದೆ, ಹಾಗಾಗಿ ಬರಬೇಕಿದ್ದ ಕಡಿತಗಳು ಮುಂದಕ್ಕೆ ಹೋದವು, ಅಷ್ಟೇ. ಮೊದಲ ಕಡಿತ ಕೊನೆಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ.

ಆ ಸೆಪ್ಟೆಂಬರ್ 18 ಇನ್ನೊಂದು ಥರದ ಪಾಠ. ಕಾಲೋ ಅರ್ಧವೋ ಎಂಬ ಬಗ್ಗೆ ಮಾರುಕಟ್ಟೆ ನಿಜವಾಗಿಯೂ ಎರಡು ಮನಸ್ಸಿನಲ್ಲಿತ್ತು. ಫೆಡ್ ಅರ್ಧ ಪರ್ಸೆಂಟ್ ಇಳಿಸಿತು. ಇದರಲ್ಲಿ ಸುದ್ದಿ ಇತ್ತು, ಹಾಗಾಗಿ ಚಿನ್ನ ಕೂಡಲೇ 2,600 ಡಾಲರ್ ಹತ್ತಿರದ ದಾಖಲೆ ಬೆಲೆಗೆ ಜಿಗಿಯಿತು. ಅಧ್ಯಕ್ಷ ಜೆರೋಮ್ ಪವೆಲ್ ಪತ್ರಿಕಾಗೋಷ್ಠಿಯಲ್ಲಿ, ಇದನ್ನೇ ಹೊಸ ವೇಗ ಎಂದುಕೊಳ್ಳಬೇಡಿ ಎಂಬ ಅರ್ಥದಲ್ಲಿ ಮಾತಾಡಿದರು. ದಿನ ಮುಗಿಯುವ ಹೊತ್ತಿಗೆ ಏರಿಕೆಯೆಲ್ಲ ಕರಗಿತ್ತು. ನಿರ್ಧಾರ ವಾಷಿಂಗ್ಟನ್ ಸಮಯ ಮಧ್ಯಾಹ್ನ ಎರಡಕ್ಕೆ, ಪತ್ರಿಕಾಗೋಷ್ಠಿ ಎರಡೂವರೆಗೆ. ಆ ಅರ್ಧ ಗಂಟೆಯ ಜಿಗಿತ ನೋಡಿ ಯಾರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಹೇಳಿದ ಮೇಲೆ ಈ ವಿವರಣೆಯ ಮಿತಿಯನ್ನೂ ಹೇಳಬೇಕು. ಆ ಸೆಪ್ಟೆಂಬರ್ ಕಡಿತದ ನಂತರ ಹತ್ತು ವರ್ಷದ ಬಾಂಡ್ ಇಳುವರಿ ಇಳಿಯಲಿಲ್ಲ, ಅಕ್ಟೋಬರ್ ಕೊನೆಯವರೆಗೂ ಏರುತ್ತಲೇ ಹೋಯಿತು. ಲೆಕ್ಕದ ಪ್ರಕಾರ ಚಿನ್ನ ಬೀಳಬೇಕಿತ್ತು. ಅದು 2,700 ದಾಟಿ ಹೊಸ ದಾಖಲೆ ಬರೆಯಿತು. 2022ರಿಂದ ಮೂರು ವರ್ಷ ಸತತವಾಗಿ ಜಗತ್ತಿನ ಕೇಂದ್ರ ಬ್ಯಾಂಕ್‌ಗಳು ವರ್ಷಕ್ಕೆ ಸಾವಿರ ಟನ್‌ಗಿಂತ ಜಾಸ್ತಿ ಚಿನ್ನ ಕೊಂಡಿವೆ. ಅವು ಬಡ್ಡಿ ನೋಡಿ ಕೊಳ್ಳುವವರಲ್ಲ. ರಷ್ಯಾದ ಡಾಲರ್, ಯೂರೋ ಮೀಸಲು ಹಣವನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದ ಮೇಲೆ, ಯಾರೂ ಮುಟ್ಟುಗೋಲು ಹಾಕಲಾಗದ ಆಸ್ತಿ ಬೇಕು ಅಂತ ಕೊಳ್ಳುವವರು.

ಆದ್ದರಿಂದ ಒಂದು ಏರಿಕೆ ಬಡ್ಡಿಯಿಂದ ಬಂತೋ ಬೇರೆಯದರಿಂದ ಬಂತೋ ತಿಳಿಯಲು ನಾನು ಮೊದಲು ನೋಡುವುದು ಅಮೆರಿಕದ ಎರಡು ವರ್ಷದ ಬಾಂಡ್. ಫೆಡ್ ಬಗೆಗಿನ ನಿರೀಕ್ಷೆ ಬದಲಾದರೆ ಮೊದಲು ಕದಲುವುದು ಅದರ ಇಳುವರಿ. ಅದು ಇಳಿದು ಚಿನ್ನ ಏರಿದ್ದರೆ ಬಡ್ಡಿಯ ಮಾತು ಕೆಲಸ ಮಾಡಿದೆ, ಮುಂದಿನ ಹಣದುಬ್ಬರದ ಅಂಕಿ ಕೆಟ್ಟರೆ ಆ ಏರಿಕೆ ವಾಪಸ್ ಹೋಗಬಹುದು. ಇಳುವರಿ ನಿಂತಲ್ಲೇ ನಿಂತು ಚಿನ್ನ ಮಾತ್ರ ಏರಿದ್ದರೆ, ಆ ಏರಿಕೆಗೆ ಫೆಡ್ ಕಾರಣ ಎಂದು ಬರೆಯುವ ಸುದ್ದಿಯನ್ನು ನಾನು ಅಲ್ಲಿಗೇ ಓದುವುದು ಬಿಡುತ್ತೇನೆ.