ಮೂರು ನಿಮಿಷದ ಭಾಷಣ, ಒಂಬತ್ತು ಹಳದಿ ಮರ

ಶಿರಸಿ ಹತ್ತಿರದ ಹೈಸ್ಕೂಲೊಂದರ ವಿಜ್ಞಾನದ ಅಕ್ಕೋರು ಕಳೆದ ಡಿಸೆಂಬರಿನಲ್ಲಿ ಫೋನ್ ಮಾಡಿದ್ದರು. ಒಂಬತ್ತನೇ ತರಗತಿಯ ಮಕ್ಕಳು ತೋಟ ನೋಡುವ ಡ್ರೋನ್ ಮಾಡಿದ್ದಾರೆ, ಗ್ಯಾದರಿಂಗ್ ದಿನ ಸ್ಟೇಜ್ ಮೇಲೆ ಅದನ್ನು ಪರಿಚಯಿಸಬೇಕು, ಭಾಷಣ ಒಮ್ಮೆ ನೋಡಿಕೊಡಿ ಎಂದರು. ತೋಟಗಳ ಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆಯುವುದೇ ನನ್ನ ಕೆಲಸ. ಹಾಗಾಗಿ ಒಪ್ಪಿಕೊಂಡೆ.

ಭಾಷಣದ ಎರಡನೇ ಸಾಲು ಹೀಗಿತ್ತು: ‘ನಮ್ಮ ಡ್ರೋನ್ ಕೊಳೆರೋಗವನ್ನು ಆಕಾಶದಿಂದಲೇ ಪತ್ತೆ ಹಚ್ಚುತ್ತದೆ.’ ಅದನ್ನು ಹೊಡೆದುಹಾಕಿದೆ. ಬರೆದ ಹುಡುಗಿಗೆ ಬೇಜಾರಾಯಿತು.

ಆದರೆ ಕೆಳಗೆ ಕೂತು ಕೇಳುವವರು ಯಾರು? ಅರ್ಧಕ್ಕರ್ಧ ಅಡಿಕೆ ತೋಟದವರು. ಕೊಳೆ ಹಿಡಿಯುವುದು ಅಡಿಕೆಯ ಗೊಂಚಲಿಗೆ, ನಾವು ಕೊನೆ ಅನ್ನುವುದಕ್ಕೆ. ಕೊನೆ ಇರುವುದು ಸೋಗೆಗಳ ಕೆಳಗೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಸೋಗೆಯ ಛತ್ರಿ ಮಾತ್ರ. ಅದೂ ಅಲ್ಲದೆ ಕೊಳೆ ಬರುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಜಡಿಮಳೆಯಲ್ಲಿ. ಮಕ್ಕಳ ಡ್ರೋನಿನ ಮೋಟಾರು, ಸರ್ಕ್ಯೂಟ್ ಎಲ್ಲಾ ಬಿಚ್ಚಿಕೊಂಡೇ ಇವೆ. ಆ ಮಳೆಯಲ್ಲಿ ಅದು ಅಂಗಳ ದಾಟುವುದಿಲ್ಲ. ಆ ಒಂದು ಸಾಲು ಓದಿದ್ದರೆ ಉಳಿದ ಭಾಷಣವನ್ನು ಯಾರೂ ನಂಬುತ್ತಿರಲಿಲ್ಲ.

ಹಾಗಾದರೆ ಏನು ಕಾಣುತ್ತದೆ? ಬಣ್ಣ ಕಾಣುತ್ತದೆ. ಹಸಿರು ತೋಟದ ನಡುವೆ ಹಳದಿ ತಿರುಗಿದ ಮರ, ಸುಳಿ ಬಿದ್ದ ಮರ, ಮರವೇ ಇಲ್ಲದ ಜಾಗ. ನಮ್ಮ ತೋಟಗಳು ಕಣಿವೆಯಲ್ಲಿ ಉದ್ದಕ್ಕೆ ಮಲಗಿರುತ್ತವೆ. ಕೆಳಗೆ ನಡೆಯುವಾಗ ಕುತ್ತಿಗೆ ಎತ್ತಿ ಎಷ್ಟು ಮರದ ತಲೆ ನೋಡಲಾಗುತ್ತದೆ, ಹೇಳಿ. ಮೇಲಿನಿಂದಾದರೆ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ.

ಸಣ್ಣಪುಟ್ಟದ್ದು ಮಾತ್ರ ಸಿಗುವುದಿಲ್ಲ. ಎಲೆಚುಕ್ಕಿ ರೋಗದ ಚುಕ್ಕಿ ಶುರುವಿನಲ್ಲಿ ಕೆಲವೇ ಮಿಲಿಮೀಟರ್. ಮಕ್ಕಳ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್. ಮೇಲಾಗಿ ಆ ರೋಗ ಮೊದಲು ಕಾಣಿಸಿಕೊಳ್ಳುವುದು ಕೆಳಗಿನ ಸೋಗೆಗಳಲ್ಲಿ.

ಈ ಒಂದೂವರೆ ಸೆಂಟಿಮೀಟರಿಗೆ ಬರುವ ಮೊದಲು ಮಕ್ಕಳು ಒಂದು ಪಾಠ ಕಲಿತಿದ್ದರು. ಭಾಷಣದಲ್ಲಿ ಅದರ ಸುದ್ದಿಯೇ ಇರಲಿಲ್ಲ. ನಾನು ಕೇಳಿ ಹೊರಡಿಸಬೇಕಾಯಿತು. ಮೊದಲ ಸಲ ಅವರು 30 ಮೀಟರ್ ಎತ್ತರದಲ್ಲಿ ಹಾರಿಸಿದ್ದರು. ಅಲ್ಲಿಂದ ಅವರ ಕ್ಯಾಮೆರಾ ನೆಲದ ಮೇಲೆ 40 ಮೀಟರ್ ಅಗಲ ಹಿಡಿಯುತ್ತದೆ. ಗದ್ದೆ ಉಳುವ ಹಾಗೆ ಡ್ರೋನ್ ಹೋಗಿ ಬಂದು ಮಾಡುತ್ತದೆ. ಒಂದು ಸಾಲಿನಿಂದ ಇನ್ನೊಂದಕ್ಕೆ 12 ಮೀಟರ್ ಇಟ್ಟಿದ್ದರು. ಅಂದರೆ ಪಕ್ಕಪಕ್ಕದ ಚಿತ್ರಗಳು ನೂರಕ್ಕೆ 70 ಭಾಗ ಒಂದರ ಮೇಲೊಂದು ಕೂರುತ್ತವೆ. ಕಂಪ್ಯೂಟರಿನಲ್ಲಿ ಜೋಡಿಸಿ ದೊಡ್ಡ ನಕ್ಷೆ ಮಾಡಲು ಅಷ್ಟಿದ್ದರೆ ಸಾಕು. ಆದರೂ ನಕ್ಷೆ ಹರಿದ ಚಾಪೆಯ ಹಾಗೆ ಬಂತು. ನಡುವೆ ತೂತು, ಒಂದೇ ಮರ ಎರಡು ಕಡೆ.

ತಪ್ಪು ಎಲ್ಲಿತ್ತು ಗೊತ್ತಾ? ಲೆಕ್ಕ ನೆಲಕ್ಕೆ ಹಾಕಿದ್ದರು, ಚಿತ್ರ ಬೇಕಾಗಿದ್ದು ಮರದ ತಲೆಯದ್ದು. ಮರ 15 ಮೀಟರ್ ಇದ್ದರೆ ಸೋಗೆಯಿಂದ ಕ್ಯಾಮೆರಾಕ್ಕೆ ಉಳಿಯುವುದು ಬರೀ 15 ಮೀಟರ್. ಅಲ್ಲಿ ಚಿತ್ರದ ಅಗಲ 20 ಮೀಟರಿಗೆ ಇಳಿಯುತ್ತದೆ. 12 ಮೀಟರ್ ಅಂತರ ಇಟ್ಟಾಗ ಕೂರುವುದು 40 ಭಾಗ ಮಾತ್ರ. ಗಾಳಿಗೆ ಸೋಗೆ ಬೇರೆ ಆಡುತ್ತಿರುತ್ತದೆ. ಎರಡನೇ ಸಲ 60 ಮೀಟರಿಗೆ ಏರಿಸಿದರು, ಸಾಲಿನ ಅಂತರ 18 ಮೀಟರ್. ಸೋಗೆಯ ಮಟ್ಟದಲ್ಲಿ ಈಗ ಅಗಲ 60 ಮೀಟರ್, ಕೂರುವುದು 70 ಭಾಗ. ನಕ್ಷೆ ಸರಿಯಾಯಿತು. ಪಕ್ಕದ ಬೆಟ್ಟದ ಮರಗಳಿಗೆ ತಾಗುವ ಹೆದರಿಕೆಯೂ ತಪ್ಪಿತು.

ಆ ನಕ್ಷೆಯಲ್ಲಿ ಒಂದು ಮೂಲೆಯಲ್ಲಿ ಒಂಬತ್ತು ಮರ ಹಳದಿಯಾಗಿ ಕಂಡವು. ಮಕ್ಕಳು ‘ಹಳದಿ ಎಲೆ ರೋಗ’ ಎಂದು ಬರೆದೇ ಬಿಟ್ಟಿದ್ದರು. ತೋಟಕ್ಕೆ ಹೋಗಿ ನೋಡಿದಿರಾ ಎಂದು ಕೇಳಿದೆ. ಹೋಗಿರಲಿಲ್ಲ. ಮರುದಿನ ಎಲ್ಲರೂ ಸೇರಿ ಹೋದೆವು.

ಮರ ಹುಡುಕುವುದೇ ಒಂದು ಕೆಲಸವಾಯಿತು. ಡ್ರೋನಿನ ಜಿಪಿಎಸ್ ಎರಡು ಮೂರು ಮೀಟರ್ ಆಚೀಚೆ ತೋರಿಸುತ್ತದೆ. ಅಡಿಕೆ ಮರಗಳ ನಡುವಿನ ಅಂತರವೇ 2.7 ಮೀಟರ್. ಅಂದರೆ ಪಕ್ಕದ ಮರದ ಬುಡದಲ್ಲಿ ನಿಂತು ಇದೇ ಅಂದುಕೊಳ್ಳಬಹುದು. ಕೊನೆಗೆ ನಕ್ಷೆಯಲ್ಲಿ ಬಾವಿಯಿಂದ ಸಾಲು ಎಣಿಸಿದೆವು: ನಾಲ್ಕನೇ ಸಾಲು, ಏಳನೇ ಮರ. ಅಲ್ಲಿ ಬಸಿಗಾಲುವೆ ಕಟ್ಟಿಕೊಂಡಿತ್ತು. ಬಿದ್ದ ಹಾಳೆ, ಮಣ್ಣು ಸೇರಿ ಒಡ್ಡು ಹಾಕಿದ ಹಾಗೆ. ಬುಡದಲ್ಲಿ ಕಾಲಿಟ್ಟರೆ ನೀರು ಚಿಮ್ಮುತ್ತಿತ್ತು. ಬೇರಿಗೆ ಗಾಳಿ ಸಿಗದೆ ಮರ ಹಳದಿಯಾಗುವುದು ನಮ್ಮಲ್ಲಿ ಹೊಸದಲ್ಲ. ಕಾಲುವೆ ಬಿಡಿಸಿದ ಮೇಲೂ ಹಳದಿ ಹೋಗದಿದ್ದರೆ ಆಗ ರೋಗದ ಮಾತು.

ಭಾಷಣಕ್ಕೆ ಬೇಕಾದದ್ದು ಇದೇ ಅಲ್ವಾ? ಕೂತು ಮತ್ತೆ ಬರೆದೆವು. ಹುಡುಗಿ ಸ್ಟೇಜ್ ಮೇಲೆ ಹೇಳಿದ್ದು ಇಷ್ಟು:

“ಎಲ್ಲರಿಗೂ ನಮಸ್ಕಾರ. ಇದು ನಾವು ಐದು ಜನ ಸೇರಿ ಮಾಡಿದ ಡ್ರೋನ್. ನಾಲ್ಕು ಮೋಟಾರು, ಒಂದು ಬ್ಯಾಟರಿ, ಕೆಳಗೆ ಒಂದು ಕ್ಯಾಮೆರಾ. ತೂಕ ಒಂದೂವರೆ ಕೆಜಿ. ಒಮ್ಮೆ ಚಾರ್ಜ್ ಮಾಡಿದರೆ ಹತ್ತು ನಿಮಿಷ ಹಾರುತ್ತದೆ. ನಾವು ಎಂಟು ನಿಮಿಷಕ್ಕೇ ಇಳಿಸುತ್ತೇವೆ. ಈಗ ಪರದೆ ನೋಡಿ. ಇದು ನಮ್ಮೂರಿನ ಒಂದು ತೋಟ. ಬಾವಿಯಿಂದ ನಾಲ್ಕನೇ ಸಾಲಿನಲ್ಲಿ ಹಳದಿ ಕಾಣುತ್ತಿದೆಯಲ್ಲ, ಅಲ್ಲಿ ಒಂಬತ್ತು ಮರ. ನಾವು ಇದನ್ನು ರೋಗ ಅಂದುಕೊಂಡಿದ್ದೆವು. ಹೋಗಿ ನೋಡಿದರೆ ಕಾಲುವೆ ಕಟ್ಟಿಕೊಂಡಿತ್ತು. ನಮ್ಮ ಡ್ರೋನ್ ಯಾವ ಮರ ನೋಡಬೇಕು ಎಂದು ಹೇಳುತ್ತದೆ. ಆ ಮರಕ್ಕೆ ಏನಾಗಿದೆ ಎಂದು ಹೇಳುವುದಿಲ್ಲ. ಕೊನೆ ಇದಕ್ಕೆ ಕಾಣುವುದಿಲ್ಲ, ಆದ್ದರಿಂದ ಕೊಳೆಯೂ ಕಾಣುವುದಿಲ್ಲ. ಮಳೆಯಲ್ಲಿ ಇದು ಹಾರುವುದಿಲ್ಲ. ನಿಮ್ಮ ತೋಟದ ಚಿತ್ರ ಬೇಕಾದರೆ ನಮ್ಮ ಅಕ್ಕೋರಿಗೆ ಹೇಳಿ.”

ಸ್ಟೇಜಿನಲ್ಲಿ ಹಾರಿಸಿ ತೋರಿಸಬೇಕು ಎಂಬ ಆಸೆ ಎಲ್ಲರಿಗೂ ಇತ್ತು. ಬೇಡ ಎಂದೆ. ಶಾಮಿಯಾನದ ಕಬ್ಬಿಣದ ಕಂಬ, ಪಕ್ಕದಲ್ಲೇ ದೊಡ್ಡ ಸ್ಪೀಕರಿನ ಆಯಸ್ಕಾಂತ. ಡ್ರೋನಿನ ದಿಕ್ಸೂಚಿಗೆ ಅಲ್ಲಿ ತಲೆ ತಿರುಗುತ್ತದೆ. ಮುಂದೆ ನೆಲದ ಮೇಲೆ ಒಂದನೇ ಕ್ಲಾಸಿನ ಮಕ್ಕಳು ಕೂತಿರುತ್ತಾರೆ. ಫ್ಯಾನು ನಾಲ್ಕೂ ಬಿಚ್ಚಿ, ಬ್ಯಾಟರಿ ತೆಗೆದು ಕೈಯಲ್ಲಿ ಎತ್ತಿ ತೋರಿಸಿದರು. ಹಾರಿದ್ದರ ವಿಡಿಯೋ ಪರದೆ ಮೇಲೆ ಬಂತು.

ಕಾರವಾರದ ಕಡೆಯ ಶಾಲೆಯವರು ಇದನ್ನು ಓದಿ ನಾಳೆಯೇ ಹಾರಿಸಲು ಹೋಗಬೇಡಿ. 250 ಗ್ರಾಂ ದಾಟಿ 2 ಕೆಜಿವರೆಗೆ ತೂಗುವುದು 2021ರ ಡ್ರೋನ್ ನಿಯಮದಲ್ಲಿ ಮೈಕ್ರೋ ವರ್ಗಕ್ಕೆ ಸೇರುತ್ತದೆ, ನೋಂದಣಿ ಬೇಕು. ನಿಮ್ಮಲ್ಲಿ ಕದಂಬ ನೌಕಾನೆಲೆ ಇದೆ, ಕೈಗಾ ಇದೆ. ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರಿದೆಯೋ ಕೆಂಪಿದೆಯೋ ಮೊದಲು ನೋಡಿ.

ಭಾಷಣ ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೇಳಿದರು: “ತಂಗಿ, ಇದು ಮದ್ದು ಹೊಡೀತದಾ?” ಈ ಪ್ರಶ್ನೆಗೆ ನಾವು ತಯಾರಿ ಮಾಡಿರಲಿಲ್ಲ. ಹುಡುಗಿ ಒಂದು ಕ್ಷಣ ಅಕ್ಕೋರ ಮುಖ ನೋಡಿದಳು. ಆಮೇಲೆ ಮೈಕ್ ಹತ್ತಿರ ಬಂದು, “ಇಲ್ಲ ಅಜ್ಜ. ಇದು ಕ್ಯಾಮೆರಾ ಮಾತ್ರ ಹೊರುತ್ತದೆ. ಮೇಲಿಂದ ಹೊಡೆದರೆ ಮದ್ದು ಸೋಗೆ ಮೇಲೆ ಬೀಳ್ತದೆ, ಕೊನೆಗೆ ತಾಗಬೇಕಲ್ಲ” ಎಂದಳು.

ಅಜ್ಜ “ಹೌದು ಹೌದು” ಎಂದು ಕೂತರು.