ಸೈಟ್ ಫೋಟೊದಲ್ಲಿ ಗಾರೆ ಕೆಲಸದ ಸಾಮಾನು ಗುರುತಿಸುವುದು: ಮುಷ್ಟಿ ನೋಡಿ, ದಾರ ನೋಡಿ

ಐಟಿಐ ಪರೀಕ್ಷೆ ಇರಲಿ, ಡಿಪ್ಲೊಮಾ ಸಿವಿಲ್ ವೈವಾ ಇರಲಿ, ಒಂದು ಚಿತ್ರ ತೋರಿಸಿ "ಇದೇನು, ಯಾವುದಕ್ಕೆ ಬಳಸ್ತಾರೆ?" ಅಂತ ಕೇಳಬಹುದು. ಸಾಮಾನನ್ನು ಬಿಳಿ ಹಾಳೆ ಮೇಲೆ ಜೋಡಿಸಿಟ್ಟ ಚಿತ್ರವಾದರೆ ಯಾರಾದರೂ ಹೇಳಬಹುದು. ಕೆಲಸ ನಡೆಯುತ್ತಿರುವ ಫೋಟೊ ಹಾಗಲ್ಲ. ಸಾಮಾನಿನ ಮೇಲೆ ಸಿಮೆಂಟ್ ಮೆತ್ತಿರುತ್ತದೆ, ಅರ್ಧ ಭಾಗ ಕೈಯಲ್ಲಿ ಮುಚ್ಚಿಹೋಗಿರುತ್ತದೆ, ಬಣ್ಣವೆಲ್ಲ ಒಂದೇ ಬೂದಿ. ಅಂಥ ಫೋಟೊದಲ್ಲಿ ಆಕಾರಕ್ಕಿಂತ ಮೊದಲು ಹಿಡಿ ಎಲ್ಲಿ ಕೂತಿದೆ ಅಂತ ನೋಡುವುದು ಒಳ್ಳೆಯದು.

ಕರಣೆಯೋ, ಮಣೆಯೋ?

ಕರಣೆಯ ಅಲಗು ವೀಳ್ಯದೆಲೆಯ ಹಾಗೆ: ಹಿಂದೆ ಅಗಲ, ಮುಂದೆ ಹೋಗುತ್ತಾ ಕಿರಿದು. ತುದಿ ಕೆಲವದರಲ್ಲಿ ಚೂಪು, ಕೆಲವದರಲ್ಲಿ ಸ್ವಲ್ಪ ದುಂಡು. ಅಲಗಿನ ಹಿಂಬದಿಯಿಂದ ಒಂದು ಕಬ್ಬಿಣದ ಕಾಂಡ ಎದ್ದು, ಬಾಗಿ, ಮರದ ಹಿಡಿಯೊಳಗೆ ಸೇರುತ್ತದೆ. ಹಾಗಾಗಿ ಹಿಡಿ ಅಲಗಿನ ಹಿಂದೆ ಇರುತ್ತದೆ, ಅಲಗಿಗಿಂತ ಸ್ವಲ್ಪ ಮೇಲಕ್ಕೂ ಇರುತ್ತದೆ. ಗಾರೆ ಹರಡುವಾಗ ಬೆರಳಿನ ಗೆಣ್ಣು ಹಸಿ ಗಾರೆಗೆ ತಾಗಬಾರದು ಅಂತಲೇ ಆ ಬಾಗು ಇಟ್ಟಿರುವುದು.

ಮಣೆ, ಅಂದರೆ ಫ್ಲೋಟ್, ಇದಕ್ಕೆ ಪೂರ್ತಿ ಬೇರೆ. ಅದೊಂದು ಆಯತದ ಹಲಗೆ, ಹಿಡಿ ಅದರ ಬೆನ್ನ ಮೇಲೆ ನಡುವೆ ಕೂತಿರುತ್ತದೆ. ಗಾರೆ ಎತ್ತಿ ಹಾಕಲು ಅದಕ್ಕೆ ಬರುವುದಿಲ್ಲ. ಗೋಡೆಗೆ ಹಚ್ಚಿದ ಪ್ಲಾಸ್ಟರನ್ನು ಒತ್ತಿ ಉಜ್ಜುವುದೇ ಅದರ ಕೆಲಸ. ಒತ್ತುವ ಬಲ ಹಲಗೆಯ ತುಂಬಾ ಸಮನಾಗಿ ಬೀಳಬೇಕಾದರೆ ಕೈ ಹಲಗೆಯ ನಡುವೆಯೇ ಇರಬೇಕಲ್ವಾ?

ಆದ್ದರಿಂದ ಫೋಟೊದಲ್ಲಿ ಸಾಮಾನು ಸರಿಯಾಗಿ ಕಾಣದಿದ್ದರೂ ಮುಷ್ಟಿ ನೋಡಿ. ಸಾಮಾನು ಮುಷ್ಟಿಯ ಒಂದೇ ಕಡೆಗೆ ಚಾಚಿದ್ದರೆ ಕರಣೆ. ಮುಷ್ಟಿಯ ಮುಂದೆಯೂ ಹಿಂದೆಯೂ ಹಲಗೆ ಕಂಡರೆ ಮಣೆ. ಅಲಗು ಗಾರೆಯಲ್ಲಿ ಹೂತುಹೋಗಿದ್ದರೂ ಈ ಗುರುತು ಉಳಿಯುತ್ತದೆ.

ಮಣೆಯಲ್ಲಿ ಮರದ್ದು, ಸ್ಟೀಲಿನದು ಎಂದು ಎರಡು ಮುಖ್ಯ ಬಗೆ. ಇಲ್ಲಿ ಅಂಚಿನ ದಪ್ಪ ನೋಡಿ. ಮರದ ಮಣೆಯ ಅಂಚು ಬೆರಳಿನಷ್ಟು ದಪ್ಪ ಇರಬಹುದು. ಸ್ಟೀಲಿನದು ತೆಳು ತಗಡು, ಪಕ್ಕದಿಂದ ನೋಡಿದರೆ ಬರೀ ಗೆರೆ. ಅಂಚು ಕಾಣದಿದ್ದರೆ ಅದು ಹಾದುಹೋದ ಗೋಡೆ ನೋಡಿ. ಮರದ ಮಣೆ ಉಜ್ಜಿದ ಕಡೆ ಮರಳಿನ ಕಣ ಎದ್ದು ತರಿತರಿಯಾಗಿ ಕಾಣುತ್ತದೆ. ಸ್ಟೀಲ್ ಮಣೆ ಉಜ್ಜಿದ ಕಡೆ ನುಣುಪು, ಹಸಿ ಇದ್ದಾಗ ಹೊಳಪು. ಸ್ಟೀಲಿನಲ್ಲಿ ಜಾಸ್ತಿ ಉಜ್ಜಿದರೆ ಸಿಮೆಂಟಿನ ಹಾಲು ಮೇಲಕ್ಕೆ ಬಂದು, ಒಣಗಿದ ಮೇಲೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒಣಗಿದ ಗೋಡೆಯ ಫೋಟೊದಲ್ಲಿ ಸಣ್ಣ ಬಲೆಯ ಹಾಗೆ ಬಿರುಕು ಕಂಡರೆ ಇದೂ ಒಂದು ಕಾರಣ ಇರಬಹುದು.

ಬೇರೆ ದೇಶದ ಫೋಟೊಗಳಲ್ಲಿ ಚೌಕದ ತಗಡಿನ ಕೆಳಗೆ ಕೋಲಿನಂಥ ಹಿಡಿ ನೆಟ್ಟಗೆ ಇಳಿದಿರುವುದು ಕಾಣಬಹುದು. ಅದು ಮಣೆಯಲ್ಲ, ಹಾಕ್. ಎಡಗೈಯಲ್ಲಿ ಗಾರೆ ಹೊತ್ತುಕೊಳ್ಳುವ ತಟ್ಟೆ ಅದು. ನಮ್ಮ ಸೈಟ್‌ಗಳಲ್ಲಿ ಆ ಕೆಲಸ ಹೆಚ್ಚಾಗಿ ಬಾಂಡ್ಲಿಯದು.

ತೂಕದ ಗುಂಡು

ಗೋಡೆ ನೆಟ್ಟಗಿದೆಯೇ ಎಂದು ನೋಡುವ ಸಾಮಾನು ಇದು. ಲೋಹದ ಗುಂಡು, ದಾರ, ಮತ್ತು ದಾರ ತೂರಿಸಿದ ಒಂದು ಸಣ್ಣ ಕಟ್ಟೆ. ಮರದ್ದೋ ಲೋಹದ್ದೋ ಆದ ಈ ಕಟ್ಟೆಯ ಅಗಲ ಗುಂಡಿನ ಅಡ್ಡಳತೆಯಷ್ಟೇ ಇರುತ್ತದೆ. ತೂತು ಅದರ ನಡುವೆ. ಫೋಟೊದಲ್ಲಿ ಗುಂಡೊಂದನ್ನೇ ಹುಡುಕಬೇಡಿ, ಈ ಕಟ್ಟೆಯನ್ನೂ ಹುಡುಕಿ.

ಕಟ್ಟೆಯನ್ನು ಗೋಡೆಯ ಮೇಲ್ಭಾಗಕ್ಕೆ ಒತ್ತಿ ಹಿಡಿದು ಗುಂಡನ್ನು ಕೆಳಗೆ ಬಿಡುತ್ತಾರೆ. ಗೋಡೆ ನೆಟ್ಟಗಿದ್ದರೆ ಗುಂಡು ಗೋಡೆಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲುತ್ತದೆ. ಗುಂಡಿಗೂ ಗೋಡೆಗೂ ನಡುವೆ ಸಂದು ಬಿದ್ದರೆ ಗೋಡೆಯ ತಲೆ ನಮ್ಮ ಕಡೆ ವಾಲಿದೆ. ಗುಂಡು ಗೋಡೆಗೆ ಒರಗಿ ದಾರ ಓರೆಯಾದರೆ ತಲೆ ಆಚೆ ವಾಲಿದೆ.

ಕೆಳಗೆ ಮೊನೆ ಇರುವ ಗುಂಡೂ ಉಂಟು. ಮೇಲಿನ ಒಂದು ಬಿಂದುವನ್ನು ನೇರ ಕೆಳಗೆ ಇಳಿಸುವ ಕೆಲಸಕ್ಕೆ ಅದು. ಪಾಯದಲ್ಲಿ ಎರಡು ದಾರ ಕೂಡುವ ಕಡೆಯಿಂದ ಕಂಬದ ನಡು ಗುರುತಿಸುವಾಗ, ಅಥವಾ ಸರ್ವೆ ಉಪಕರಣದ ಮೂರು ಕಾಲಿನ ನಡುವೆ ಅದು ನೇತಾಡುತ್ತದೆ. ಹತ್ತಿರದಲ್ಲಿ ಗೋಡೆ ಇಲ್ಲದೆ ಗುಂಡು ಕಂಡರೆ ಈ ಬಗೆಯದೇ ಇರಬಹುದು.

ರಸಮಟ್ಟವೋ, ಮಟ್ಟಗೋಲೋ?

ಹೆಚ್ಚು ಜನ ಎಡವುವುದು ಇಲ್ಲೇ. ಎರಡೂ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಗಳು. ರಸಮಟ್ಟದಲ್ಲಿ, ಅಂದರೆ ಸ್ಪಿರಿಟ್ ಲೆವೆಲ್‌ನಲ್ಲಿ, ಗುಳ್ಳೆ ಇರುವ ಗಾಜಿನ ಅಥವಾ ಪ್ಲಾಸ್ಟಿಕ್ ನಳಿಗೆ ಕೂರಿಸಲು ಕಿಂಡಿಗಳು ಇರುತ್ತವೆ. ನಡುವಿನ ನಳಿಗೆ ಅಡ್ಡ ಮಟ್ಟ ನೋಡಲು, ತುದಿಯದು ನೆಟ್ಟಗೆ ಇದೆಯೇ ನೋಡಲು. ಮಟ್ಟಗೋಲಿನಲ್ಲಿ ಕಿಂಡಿಯೂ ಇಲ್ಲ, ಗುಳ್ಳೆಯೂ ಇಲ್ಲ. ಅದು ಸುಮ್ನೆ ನೇರ ಅಂಚಿನ ಕೋಲು, ಸಾಮಾನ್ಯವಾಗಿ ಆಳುದ್ದಕ್ಕೆ ಹತ್ತಿರ. ಬಣ್ಣವನ್ನು ನಂಬಬೇಡಿ. ಹಳದಿ ಬಣ್ಣದ್ದೆಲ್ಲ ರಸಮಟ್ಟವಲ್ಲ.

ಒಂದು ಫೋಟೊ ಓದೋಣ

ಒಳಗೋಡೆಗೆ ಪ್ಲಾಸ್ಟರ್ ನಡೆಯುತ್ತಿದೆ ಅಂದುಕೊಳ್ಳಿ. ಇಟ್ಟಿಗೆಯ ಮೇಲೆ ಅಲ್ಲಲ್ಲಿ ಅಂಗೈಯಗಲದ ಗಾರೆ ತುಂಡುಗಳಿವೆ. ಇವು ಪ್ಲಾಸ್ಟರಿನ ದಪ್ಪ ಹೇಳುವ ಗುರುತುಗಳು. ಒಳಗೋಡೆಗೆ ಸಾಮಾನ್ಯವಾಗಿ 12 ಮಿ.ಮೀ. ದಪ್ಪ. ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಒಂದು ದಾರ ಇಳಿದಿದೆ. ತುದಿಯ ಸಾಮಾನು ಏಣಿಯ ಹಿಂದೆ ಮರೆಯಾಗಿದ್ದರೂ ಅದು ತೂಕದ ಗುಂಡು ಅಂತ ಹೇಳಬಹುದು. ಎರಡು ಗುರುತುಗಳೂ ಒಂದೇ ನೇರದಲ್ಲಿ ಬರಬೇಕಾದರೆ ಅದೇ ಬೇಕು.

ಪಕ್ಕದಲ್ಲಿ ಒಬ್ಬರು ಉದ್ದನೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಸಿ ಪ್ಲಾಸ್ಟರ್ ಮೇಲೆ ಎಳೆಯುತ್ತಿದ್ದಾರೆ. ಪಟ್ಟಿಯ ಅಂಚಿನಲ್ಲಿ ಗಾರೆ ಏರಿಯಂತೆ ಕೂಡಿಕೊಂಡಿದೆ. ಇದು ಮಟ್ಟಗೋಲು. ರಸಮಟ್ಟವನ್ನು ಹೀಗೆ ಗಾರೆ ಕೆರೆಯಲು ಬಳಸುವುದಿಲ್ಲ. ಅಂಚಿಗೆ ಗಾರೆ ಅಂಟಿ ಒಣಗಿದರೆ ಅದು ತೋರಿಸುವ ಮಟ್ಟವೇ ತಪ್ಪಾಗುತ್ತದೆ. ಅವರ ಹಿಂದೆ ಇನ್ನೊಬ್ಬರ ಮುಷ್ಟಿಯ ಎರಡೂ ಕಡೆ ದಪ್ಪ ಅಂಚಿನ ಹಲಗೆ ಕಾಣುತ್ತಿದೆ, ಗೋಡೆ ತರಿತರಿ: ಮರದ ಮಣೆ. ನೆಲದ ಬಾಂಡ್ಲಿಯಿಂದ ಒಂದು ಹಿಡಿ ಓರೆಯಾಗಿ ಹೊರಗೆ ಚಾಚಿದೆ, ಅಲಗು ಗಾರೆಯೊಳಗೆ: ಕರಣೆ.

ಇಲ್ಲಿ ಒಂದು ಎಚ್ಚರ. ಈ ಫೋಟೊದಲ್ಲಿ ಗೋಡೆ ವಾಲಿದಂತೆ ಕಂಡರೆ ತಕ್ಷಣ ಹಾಗೆ ಬರೆದುಬಿಡಬೇಡಿ. ಕ್ಯಾಮೆರಾ ಓರೆ ಹಿಡಿದಿದ್ದರೂ ಹಾಗೆ ಕಾಣುತ್ತದೆ. ಅಲುಗದೆ ನಿಂತ ಗುಂಡಿನ ದಾರವನ್ನು ಫೋಟೊದ ಅಂಚಿನ ಜೊತೆ ಹೋಲಿಸಿ. ದಾರವೂ ಓರೆ ಇದ್ದರೆ ಕ್ಯಾಮೆರಾ ಓರೆ ಇದ್ದಿರಬಹುದು. ರಸಮಟ್ಟದ ಗುಳ್ಳೆಯೂ ಅಷ್ಟೇ. ಪಕ್ಕದಿಂದ ತೆಗೆದ ಫೋಟೊದಲ್ಲಿ ಗುಳ್ಳೆ ಗೆರೆಯಿಂದ ಸರಿದಂತೆ ತೋರುತ್ತದೆ. ಸೈಟ್‌ನಲ್ಲಾದರೆ ರಸಮಟ್ಟವನ್ನು ಅದೇ ಜಾಗದಲ್ಲಿ ತುದಿ ಬದಲಿಸಿ ಇಟ್ಟು, ಗುಳ್ಳೆ ಮತ್ತೆ ಅಲ್ಲೇ ನಿಲ್ಲುತ್ತದೆಯೇ ನೋಡಬಹುದು. ಫೋಟೊದಲ್ಲಿ ಆ ಪರೀಕ್ಷೆ ಸಾಧ್ಯವಿಲ್ಲ. ಹಾಗಾಗಿ ಉತ್ತರದಲ್ಲಿ ಸಾಮಾನಿನ ಹೆಸರು, ಅದರ ಕೆಲಸ ಬರೆಯಿರಿ. ಗೋಡೆ ಸರಿಯಾಗಿದೆಯೇ ಎಂಬ ತೀರ್ಪನ್ನು, ಪ್ರಶ್ನೆಯಲ್ಲಿ ಕೇಳದಿದ್ದರೆ, ಸೇರಿಸಬೇಡಿ.