ವಾಪಸ್ ಬಂದ ಪಾರ್ಸೆಲ್‌ನ ಜಾಹೀರಾತು ಖರ್ಚು ಯಾರ ಲೆಕ್ಕಕ್ಕೆ?

ಜಾಹೀರಾತಿನ ಡ್ಯಾಶ್‌ಬೋರ್ಡ್‌ನಲ್ಲಿ ROAS 4 ಇದೆ, ಅಂದರೆ ಜಾಹೀರಾತಿಗೆ ಹಾಕಿದ ಹಣದ ನಾಲ್ಕು ಪಟ್ಟು ಮಾರಾಟ, ಆರ್ಡರ್‌ಗಳೂ ಬರುತ್ತಿವೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿದಿಲ್ಲ. ಕ್ಯಾಶ್ ಆನ್ ಡೆಲಿವರಿಯಲ್ಲಿ ಮಾರುವ ಸಣ್ಣ ವ್ಯಾಪಾರಿಗಳ ಈ ದೂರಿಗೆ ಕಾರಣ ಜಾಹೀರಾತಿಗಿಂತ ಹೆಚ್ಚಾಗಿ ಲೆಕ್ಕದಲ್ಲೇ ಇರುತ್ತದೆ. ಗ್ರಾಹಕ ಆರ್ಡರ್ ಒತ್ತಿದ ಕ್ಷಣಕ್ಕೇ Purchase ದಾಖಲಾಗುತ್ತದೆ. ಆಮೇಲೆ ಅವರು ಬಾಗಿಲಲ್ಲಿ ಪಾರ್ಸೆಲ್ ಬೇಡವೆಂದರೂ, ನೀವಾಗಿ ತಿಳಿಸದ ಹೊರತು ಆ ಸಂಖ್ಯೆ ಕಡಿಮೆಯಾಗುವುದಿಲ್ಲ.

ಇಷ್ಟು ಎಲ್ಲರಿಗೂ ಗೊತ್ತು. ‘ನೂರಕ್ಕೆ ಮೂವತ್ತು ವಾಪಸ್ ಬರುತ್ತವೆ, ಹಾಗಾಗಿ ನಾಲ್ಕನ್ನು 2.8 ಅಂತ ಹಿಡಿದುಕೊಂಡಿದ್ದೇವೆ’ ಎಂದು ಸಮಾಧಾನದಿಂದ ಹೇಳುತ್ತಾರೆ. ತೊಂದರೆ ಇರುವುದು ಆ ಸಮಾಧಾನದಲ್ಲೇ.

ಸುಲಭಕ್ಕೆ ಸರಕಿನ ಮಾರಾಟ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ಅಸಲು 40, ಪ್ಯಾಕಿಂಗ್ 3, ಕಳಿಸುವ ಸಾಗಣೆ 8, ನಗದು ವಸೂಲಿಯ ಶುಲ್ಕ 2. ತಲುಪಿದ ಪಾರ್ಸೆಲ್ ಒಂದಕ್ಕೆ ಜಾಹೀರಾತಿಗೆ ಮುಂಚೆ 47 ಉಳಿಯುತ್ತದೆ. ಅಂದರೆ ಏನೂ ವಾಪಸ್ ಬರದಿದ್ದರೆ ಅಸಲು ಗಿಟ್ಟಲು 100ನ್ನು 47ರಿಂದ ಭಾಗಿಸಿದಷ್ಟು, ಸುಮಾರು 2.13 ROAS ಸಾಕು. 2.8 ಅದಕ್ಕಿಂತ ಮೇಲಿದೆ, ಹಾಗಾದರೆ ಲಾಭವೇ ತಾನೆ? ಅಲ್ಲ. ವಾಪಸಾತಿ ಮಾರಾಟವನ್ನು ಕಡಿಮೆ ಮಾಡುವುದಷ್ಟೇ ಅಲ್ಲ, ತನ್ನದೇ ಖರ್ಚನ್ನೂ ಹೊತ್ತು ತರುತ್ತದೆ. ಹೋಲಿಸಬೇಕಾದ ಆ 2.13 ಎಂಬ ಗೆರೆಯೇ ಮೇಲಕ್ಕೆ ಸರಿಯುತ್ತದೆ.

2,500 ಜಾಹೀರಾತಿಗೆ ಹಾಕಿ 100 ಆರ್ಡರ್ ಬಂದವು ಎನ್ನೋಣ. ತೆರೆಯ ಮೇಲೆ 4 ಕಾಣುತ್ತದೆ. ತಲುಪಿದ 70ರಿಂದ 3,290 ಬಂತು. ತಿರಸ್ಕೃತವಾದ 30ಕ್ಕೆ ಒಂದೊಂದಕ್ಕೂ ಪ್ಯಾಕಿಂಗ್ 3, ಹೋಗುವ ಸಾಗಣೆ 8, ಬರುವ ಸಾಗಣೆ 7, ಒಟ್ಟು 540 ಹೋಯಿತು. ಅದರಲ್ಲಿ ಮೂರು ಮತ್ತೆ ಮಾರಲಾಗದಷ್ಟು ಹಾಳಾಗಿದ್ದರೆ ಇನ್ನೂ 120. ಉಳಿದದ್ದು 2,630, ಜಾಹೀರಾತು ಕಳೆದರೆ 130. ಎಲ್ಲವೂ ತಲುಪಿದ್ದರೆ 2,200 ಉಳಿಯುತ್ತಿತ್ತು. ಕಳಿಸಿದ ಪ್ರತಿ ಆರ್ಡರ್‌ಗೆ 26.3 ಉಳಿದಂತಾಯಿತು, ಆದ್ದರಿಂದ ಡ್ಯಾಶ್‌ಬೋರ್ಡ್‌ನಲ್ಲಿ ಕಾಣಬೇಕಾದ ಕನಿಷ್ಠ ROAS 3.8. ನಿಮ್ಮ ‘4’ ಅಂಚಿನ ಮೇಲೆ ನಿಂತಿದೆ. ವಾಪಸಾತಿ ನೂರಕ್ಕೆ 35 ಆದರೆ ಇದೇ ಲೆಕ್ಕ ನಷ್ಟಕ್ಕೆ ಇಳಿಯುತ್ತದೆ. (ಪಾರ್ಸೆಲ್ ವಾಪಸಾದರೂ ವಸೂಲಿ ಶುಲ್ಕ ಹಾಕುತ್ತಾರೋ ಇಲ್ಲವೋ ಎಂಬುದನ್ನು ನಿಮ್ಮ ಕೊರಿಯರ್ ಒಪ್ಪಂದದಲ್ಲೇ ನೋಡಿಕೊಳ್ಳಿ.)

ಇಲ್ಲೊಂದು ತಪ್ಪು ನಿರ್ಧಾರ ಹುಟ್ಟುತ್ತದೆ. ಇನ್ನೊಂದು ಜಾಹೀರಾತು ಅದೇ 2,500ಕ್ಕೆ 80 ಆರ್ಡರ್ ತಂದು 3.2 ತೋರಿಸಿದರೆ ಅದನ್ನು ನಿಲ್ಲಿಸಿಬಿಡುತ್ತಾರೆ. ಅದರಲ್ಲಿ ವಾಪಸಾದದ್ದು 8 ಮಾತ್ರ ಆಗಿದ್ದು, ಒಂದು ಸರಕು ಹಾಳಾಗಿದ್ದರೂ ಉಳಿಯುವುದು 700! ಬೆಲೆ ಮರೆಮಾಡುವ, ಸರಕನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವ ಜಾಹೀರಾತುಗಳು ಆರ್ಡರ್ ಹೆಚ್ಚು ತಂದು ಬಾಗಿಲಲ್ಲಿ ಸೋಲುವುದು ಸಾಮಾನ್ಯ.

ಇದನ್ನು ಹಿಡಿಯಲು ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಶೀಟ್ ಸಾಕು. ಪ್ರತಿ ಆರ್ಡರ್‌ಗೆ ಒಂದು ಸಾಲು: ಆರ್ಡರ್ ಸಂಖ್ಯೆ, ಆರ್ಡರ್ ಬಂದ ದಿನ, ಪಾವತಿ ವಿಧಾನ, ಲಿಂಕ್‌ನಿಂದ ಬಂದ `utm_content`, ಕೊನೆಯ ಸ್ಥಿತಿ, ಎರಡೂ ಕಡೆಯ ಸಾಗಣೆ. ಪ್ರತಿ ಜಾಹೀರಾತಿನ ಲಿಂಕ್‌ನಲ್ಲಿ `utm_content` ಬೇರೆ ಬೇರೆ ಇರಲಿ, ಇಲ್ಲದಿದ್ದರೆ ಯಾವ ಪಾರ್ಸೆಲ್ ಯಾವ ಜಾಹೀರಾತಿನದೆಂದು ಹೇಳಲಾಗದು. ಕಳಿಸುವ ಮೊದಲೇ ಫೋನಿನಲ್ಲಿ ರದ್ದಾದ ಆರ್ಡರ್‌ಗಳನ್ನು ದಯವಿಟ್ಟು ಅಳಿಸಬೇಡಿ; ಸಾಗಣೆ ಉಳಿಯಿತು ನಿಜ, ಆದರೆ ಅವನ್ನು ತರಿಸಲು ಕೊಟ್ಟ ಜಾಹೀರಾತಿನ ಹಣ ಹೋಗಿಯೇ ಹೋಗಿದೆ.

ಲೆಕ್ಕ ಹಾಕುವಾಗ ಈ ತಿಂಗಳ ವಾಪಸಾತಿಯನ್ನು ಈ ತಿಂಗಳ ಆರ್ಡರ್‌ಗಳಿಂದ ಭಾಗಿಸುವವರೇ ಬಹಳ. ವ್ಯಾಪಾರ ಬೆಳೆಯುತ್ತಿರುವಾಗ ಇದು ಸುಳ್ಳು ಹೇಳುತ್ತದೆ: ಇಂದು ವಾಪಸ್ ಬಂದವು ಹಿಂದಿನ, ಕಡಿಮೆ ಆರ್ಡರ್‌ಗಳ ಕಾಲದವು. ಆರ್ಡರ್ ಬಂದ ವಾರದ ಪ್ರಕಾರ ಗುಂಪು ಮಾಡಿ, ಆ ಗುಂಪಿನ ಬಹುಪಾಲು ಪಾರ್ಸೆಲ್‌ಗಳ ಗತಿ ತಿಳಿಯುವವರೆಗೆ ಕಾಯಿರಿ. ತಲುಪುವವು ಬೇಗ ತಲುಪುತ್ತವೆ, ವಾಪಸಾಗುವವು ಎರಡು ಮೂರು ಸಲ ಬಾಗಿಲಿಗೆ ಹೋಗಿ ನಿಧಾನಕ್ಕೆ ಮರಳುತ್ತವೆ, ಹಾಗಾಗಿ ಮೊದಲ ದಿನಗಳ ಅಂಕಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಆ ಚಂದ ನೋಡಿ ಬಜೆಟ್ ಏರಿಸಬೇಡಿ.

ಗೂಗಲ್ ಜಾಹೀರಾತುಗಳಲ್ಲಿ ಇನ್ನೊಂದು ಅನುಕೂಲವಿದೆ. ಆರ್ಡರ್ ದಾಖಲಿಸುವಾಗಲೇ ಆರ್ಡರ್ ಸಂಖ್ಯೆಯನ್ನು `transaction_id` ಆಗಿ ಕಳಿಸಿದ್ದರೆ, ತಿರಸ್ಕೃತವಾದ ಆರ್ಡರ್‌ಗಳನ್ನು ಆ ಸಂಖ್ಯೆಯ ಮೂಲಕ ಆಮೇಲೆ ಹಿಂತೆಗೆಯಬಹುದು. ಅದಕ್ಕೆ 55 ದಿನಗಳ ಮಿತಿಯಿದೆ. ಮೊದಲೇ ಸಂಖ್ಯೆ ಕಳಿಸದಿದ್ದರೆ ಹಳೆಯ ಆರ್ಡರ್‌ಗಳನ್ನು ಹೀಗೆ ಸರಿಪಡಿಸಲಾಗದು, ಆದ್ದರಿಂದ ಬೇರೇನನ್ನು ಮುಂದೂಡಿದರೂ ಈ ಸಂಖ್ಯೆಯನ್ನು ಕಳಿಸಲು ಇಂದೇ ಶುರುಮಾಡಿ.